ಗಾಣದ ಶಾಫ್ಟ್ ಎಷ್ಟು ದಪ್ಪ ಇರಬೇಕು?

ಮಂಡ್ಯ, ಪಾಂಡವಪುರದ ಕಡೆಯ ಆಲೆಮನೆಗೆ ಹೋದವರ ಕಣ್ಣು ಮೊದಲು ಬೀಳುವುದು ಕೊಪ್ಪರಿಗೆಯ ಮೇಲೆ. ಕುದಿಯುವ ಕಬ್ಬಿನ ಹಾಲು, ಅದರ ನೊರೆ, ಒಲೆಗೆ ಸುರಿಯುವ ಒಣಗಿದ ಸಿಪ್ಪೆ, ಎಲ್ಲಕ್ಕಿಂತ ಮೊದಲು ಆ ವಾಸನೆ. ಮೂಲೆಯಲ್ಲಿ ಗುರುಗುಟ್ಟುತ್ತ ಕಬ್ಬು ಅರೆಯುವ ಗಾಣದ ಹತ್ತಿರ ನಿಂತು ನೋಡುವವರು ಕಡಿಮೆ. ನಿಂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಗಾಣವನ್ನು ತಿರುಗಿಸುವ ಮೋಟರಿನಿಂದ ಹೊರಬಂದ ಶಾಫ್ಟ್ ಅಂಗೈಯಲ್ಲಿ ಹಿಡಿಯುವಷ್ಟಿದೆ. ಅಲ್ಲಿಂದ ಬೆಲ್ಟು, ಪುಲ್ಲಿ, ಗಿಯರುಗಳನ್ನು ದಾಟಿ ಉರುಳೆಯ ಹತ್ತಿರ ಬರುವಷ್ಟರಲ್ಲಿ ಶಾಫ್ಟ್ ತೆಂಗಿನಕಾಯಿಯಷ್ಟು ದಪ್ಪವಾಗಿದೆ. ಮೋಟರು ಒಂದೇ, ಹರಿದುಬರುವ ಶಕ್ತಿಯೂ ಒಂದೇ. ದಾರಿಯಲ್ಲಿ ಯಾರೂ ಹೊಸದಾಗಿ ಶಕ್ತಿ ಸೇರಿಸಿಲ್ಲ. ನಿಜ ಹೇಳಬೇಕೆಂದರೆ ಬೆಲ್ಟು, ಗಿಯರುಗಳ ತಿಕ್ಕಾಟದಲ್ಲಿ ಸ್ವಲ್ಪ ಸೋರಿಯೇ ಹೋಗಿದೆ. ಹಾಗಿದ್ದೂ ಉಕ್ಕು ಯಾಕೆ ಇಷ್ಟು ಹೆಚ್ಚು ಬೇಕಾಯಿತು?

ಊರಿನ ಲೇತ್ ಶಾಪಿನಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಗಾಣದ ಶಾಫ್ಟ್ ತುಂಡಾಗಿದೆ, ಕಬ್ಬು ಕಡಿದು ಹಾಕಿದೆ, ರೈತ ಅವಸರದಲ್ಲಿದ್ದಾನೆ. ‘ಎಷ್ಟು ದಪ್ಪದ್ದು ಹಾಕಲಿ?’ ಎಂದು ಟರ್ನರ್ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಮುರಿದದ್ದು ಎಷ್ಟಿತ್ತೋ ಅಷ್ಟೇ ಹಾಕಣ್ಣ.’ ಮುರಿದದ್ದೇ ಅಳತೆಯಾದರೆ ಮುರಿಯುವುದೂ ಮತ್ತೆ ಬರುತ್ತದೆ ಎಂಬುದು ಆ ಅವಸರದಲ್ಲಿ ಯಾರಿಗೂ ಹೊಳೆಯುವುದಿಲ್ಲ. ಹಾಗಂತ ದಪ್ಪ ಗೊತ್ತುಮಾಡುವ ಲೆಕ್ಕ ಕಷ್ಟದ್ದೇನಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಎರಡು ನಿಮಿಷದ ಕೆಲಸ. ಆದರೆ ಅದರ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ತಿಳಿಯಲು ಎರಡು ನಿಮಿಷ ಸಾಲದು.

ಮೊದಲು ಎತ್ತಿನ ಗಾಣದಿಂದ ಶುರುಮಾಡುವುದು ಒಳ್ಳೆಯದು. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬಿಬ್ಬರು ಕಬ್ಬಿಣದ ಉರುಳೆಗಳ ಗಾಣವನ್ನು ತಂದ ಮೇಲೆ ಕಲ್ಲು, ಮರದ ಗಾಣಗಳು ದೇಶದ ಅನೇಕ ಕಡೆ ಹಿಂದೆ ಸರಿದವು. ಕಬ್ಬಿಣ ಬಂದರೂ ತಿರುಗಿಸುವವು ಎತ್ತುಗಳೇ. ಒಂದು ಜೊತೆ ಎತ್ತಿನ ಶಕ್ತಿಯನ್ನು ಸುಮಾರು 1 ಎಚ್‌ಪಿ ಎಂದು ಇಟ್ಟುಕೊಳ್ಳುವುದು ರೂಢಿ. ಗಾಣದ ಸುತ್ತ ಅವು ನಿಮಿಷಕ್ಕೆ ಎರಡೂವರೆ ಸುತ್ತು ಬರುತ್ತವೆ ಎನ್ನೋಣ. ನೊಗದ ಮರ ನಡುಗಂಬದಿಂದ 3 ಮೀಟರ್ ಉದ್ದ ಚಾಚಿದ್ದರೆ ಎತ್ತುಗಳು ಎಳೆಯುವ ಬಲ ಸುಮಾರು 97 ಕಿಲೋ ತೂಕದಷ್ಟಾಗುತ್ತದೆ. ಮೂರು ಮೀಟರ್ ತೋಳಿನ ತುದಿಯಲ್ಲಿ 97 ಕಿಲೋ ಎಂದರೆ ಒಂದು ಮೀಟರ್ ತೋಳಿನ ತುದಿಯಲ್ಲಿ 290 ಕಿಲೋ ಎಳೆದಂತೆ. ನಡುವೆ ನಿಂತ ಕಂಬಕ್ಕೆ ಬೀಳುವ ತಿರುಚು ಇದು. ಇಂಜಿನಿಯರುಗಳು ಇದಕ್ಕೆ ಟಾರ್ಕ್ ಎನ್ನುತ್ತಾರೆ; ನ್ಯೂಟನ್-ಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮೀಟರ್ ತೋಳಿಗೆ ನೂರು ಗ್ರಾಂ ತೂಗಿಬಿಟ್ಟರೆ ಹೆಚ್ಚುಕಡಿಮೆ ಒಂದು ನ್ಯೂಟನ್-ಮೀಟರ್. ಎತ್ತಿನ ಗಾಣದ ಕಂಬಕ್ಕೆ ಬೀಳುವುದು ಸುಮಾರು 2,850.

ಈಗ ಪಕ್ಕದಲ್ಲಿ 15 ಎಚ್‌ಪಿ ಮೋಟರನ್ನು ಇಡೋಣ. ಅದು ನಿಮಿಷಕ್ಕೆ 1,440 ಸುತ್ತು ಹೊಡೆಯುತ್ತದೆ. ಎತ್ತುಗಳಿಗಿಂತ ಹದಿನೈದು ಪಟ್ಟು ಶಕ್ತಿ. ಆದರೆ ಅದರ ಶಾಫ್ಟಿಗೆ ಬೀಳುವ ತಿರುಚು ಬರೀ 73 ನ್ಯೂಟನ್-ಮೀಟರ್. ಒಂದು ಮೀಟರ್ ತೋಳಿಗೆ ಏಳೂವರೆ ಕಿಲೋ ಚೀಲ ನೇತುಹಾಕಿದಂತೆ, ಅಷ್ಟೇ. ಎತ್ತುಗಳು ಕೊಡುವ ತಿರುಚಿನ ಸುಮಾರು ನಲವತ್ತರಲ್ಲಿ ಒಂದು ಪಾಲು.

ಗುಟ್ಟು ಇಷ್ಟೇ. ಶಕ್ತಿ ಎಂದರೆ ತಿರುಚು ಮತ್ತು ವೇಗದ ಗುಣಲಬ್ಧ. ಒಂದೇ ಶಕ್ತಿಯನ್ನು ಬೇಗ ಬೇಗ ಸುತ್ತಿ ಸಾಗಿಸಬಹುದು, ಆಗ ಪ್ರತಿ ಸುತ್ತಿನ ಹೊರೆ ಹಗುರ. ನಿಧಾನವಾಗಿ ಸುತ್ತಿದರೆ ಪ್ರತಿ ಸುತ್ತಿನ ಹೊರೆ ಭಾರ. ಹತ್ತು ಮೂಟೆ ಸಾಗಿಸಬೇಕಾದವನು ಒಂದೊಂದಾಗಿ ಹತ್ತು ಸಲ ಓಡಾಡಬಹುದು. ಒಂದೇ ಸಲಕ್ಕೆ ಎಲ್ಲವನ್ನೂ ಹೊರುತ್ತೇನೆಂದರೆ ಬೆನ್ನು ಗಟ್ಟಿಯಿರಬೇಕು. ಶಾಫ್ಟ್ ಮುರಿಯುವುದು ಎಚ್‌ಪಿಯಿಂದಲ್ಲ, ತಿರುಚಿನಿಂದ. ಶಕ್ತಿಯನ್ನು ಕಿಲೋವಾಟಿನಲ್ಲೂ ವೇಗವನ್ನು ನಿಮಿಷಕ್ಕೆ ಇಷ್ಟು ಸುತ್ತು ಎಂದೂ ತೆಗೆದುಕೊಂಡರೆ ಸೂತ್ರ ಹೀಗಾಗುತ್ತದೆ:

T = 9550 × P / N

ಇಲ್ಲಿ P ಶಕ್ತಿ, N ವೇಗ, T ತಿರುಚು. 15 ಎಚ್‌ಪಿ ಮೋಟರಿನ ಫಲಕದ ಮೇಲೆ 11 ಕಿಲೋವಾಟ್ ಎಂದಿರುತ್ತದೆ. 9550ನ್ನು 11ರಿಂದ ಗುಣಿಸಿ 1,440ರಿಂದ ಭಾಗಿಸಿದರೆ ಆಗ ಹೇಳಿದ 73 ಬರುತ್ತದೆ.

ತಿರುಚು ಗೊತ್ತಾಯಿತು. ಅದನ್ನು ಉಕ್ಕು ಹೇಗೆ ತಡೆದುಕೊಳ್ಳುತ್ತದೆ?

ಒಂದರ ಮೇಲೊಂದು ಜೋಡಿಸಿದ ಹಪ್ಪಳದ ಕಟ್ಟನ್ನು ನೆನೆಸಿಕೊಳ್ಳಿ. ಅಡಿಯದನ್ನು ಒಂದು ಕೈಯಲ್ಲಿ ಬಿಗಿಹಿಡಿದು ಮೇಲಿನದನ್ನು ಇನ್ನೊಂದು ಕೈಯಲ್ಲಿ ತಿರುಗಿಸಿದರೆ ಪ್ರತಿ ಹಪ್ಪಳವೂ ತನ್ನ ಕೆಳಗಿನದರ ಮೇಲೆ ಒಂದಿಷ್ಟು ಜಾರುತ್ತದೆ. ನಡುಮಧ್ಯದಲ್ಲಿ ಜಾರಾಟವೇ ಇಲ್ಲ. ಅಂಚಿನಲ್ಲಿ ಅತಿ ಹೆಚ್ಚು. ಉಕ್ಕಿನ ಸರಳಿನಲ್ಲಿ ಪದರಗಳು ಒಂದಕ್ಕೊಂದು ಅಂಟಿಕೊಂಡಿವೆ, ಜಾರಲು ಬಿಡುವುದಿಲ್ಲ. ಆ ತಡೆಯೇ ಶಿಯರ್ ಒತ್ತಡ, ಕತ್ತರಿಯ ಎರಡು ಅಲಗುಗಳ ನಡುವೆ ಸಿಕ್ಕ ಬಟ್ಟೆ ಅನುಭವಿಸುವಂಥದ್ದು. ಅದು ಕೂಡ ನಡುವೆ ಸೊನ್ನೆ, ಹೊರಮೈಯಲ್ಲಿ ಗರಿಷ್ಠ. ಹಾಗಾಗಿ ಶಾಫ್ಟಿನಲ್ಲಿ ನಿಜವಾಗಿ ದುಡಿಯುವುದು ಹೊರಗಿನ ಉಕ್ಕು. ಒಳಗಿನದು ಹೆಚ್ಚುಕಡಿಮೆ ಮನೆಯಲ್ಲಿ ಕೂತ ಅಳಿಯ. ಬಸ್ಸು, ಲಾರಿಗಳ ಹೊಟ್ಟೆಯಡಿ ತಿರುಗುವ ಉದ್ದನೆಯ ಶಾಫ್ಟು ಟೊಳ್ಳು ಕೊಳವೆಯಾಗಿರಲು ಇದೇ ಕಾರಣ. ಹೊರ ವ್ಯಾಸದ ಅರ್ಧದಷ್ಟು ಅಗಲದ ತೂತನ್ನು ನಡುವೆ ಕೊರೆದರೆ ತೂಕ ಕಾಲುಭಾಗ ಇಳಿಯುತ್ತದೆ, ತಿರುಚು ತಡೆಯುವ ಬಲ ಇಳಿಯುವುದು ಹದಿನಾರನೇ ಒಂದು ಪಾಲು ಮಾತ್ರ.

ವ್ಯಾಸ ಹೆಚ್ಚಿದಾಗ ಬಲ ಎಷ್ಟು ಹೆಚ್ಚುತ್ತದೆ ಎಂಬುದೂ ಇದೇ ಚಿತ್ರದಿಂದ ತಿಳಿಯುತ್ತದೆ. ವ್ಯಾಸ ಎರಡು ಪಟ್ಟಾದರೆ ಉಕ್ಕಿನ ಅಡ್ಡಗಲ ನಾಲ್ಕು ಪಟ್ಟು. ಜೊತೆಗೆ ಆ ಉಕ್ಕು ನಡುವಿನಿಂದ ಎರಡು ಪಟ್ಟು ದೂರ ನಿಂತು ತಡೆಯುತ್ತದೆ, ಉದ್ದ ಹಿಡಿಯ ಪಾನ ಹಿಡಿದವನಂತೆ. ನಾಲ್ಕೆರಡಲ ಎಂಟು. ವ್ಯಾಸದ ಘನಕ್ಕೆ ತಕ್ಕಂತೆ ಬಲ ಏರುತ್ತದೆ. ಸೂತ್ರದಲ್ಲಿ ಬರೆದರೆ:

d³ = 16 × T / (π × τ)

ಇಲ್ಲಿ d ವ್ಯಾಸ, τ ಹೊರಮೈಗೆ ಬೀಳಗೊಡಬಹುದಾದ ಶಿಯರ್ ಒತ್ತಡ. ವ್ಯಾಸ ಮಿಲಿಮೀಟರಿನಲ್ಲಿ ಬೇಕಾದರೆ ತಿರುಚನ್ನೂ ನ್ಯೂಟನ್-ಮಿಲಿಮೀಟರಿಗೆ ತರಬೇಕು, ಅಂದರೆ ಸಾವಿರದಿಂದ ಗುಣಿಸಬೇಕು. ಡಿಪ್ಲೊಮಾ ಪರೀಕ್ಷೆಗಳಲ್ಲಿ ಅತಿ ಹೆಚ್ಚು ಅಂಕ ನುಂಗಿರುವ ಮರೆವು ಬಹುಶಃ ಇದೇ.

ಉಳಿದದ್ದು τ. ಲೆಕ್ಕದ ಜೀವ ಇರುವುದು ಇದರಲ್ಲಿ. ಉಕ್ಕು ಎಷ್ಟು ತಡೆಯಬಲ್ಲದು ಎಂಬ ಸಂಖ್ಯೆಯಲ್ಲ ಇದು. ಅದರಿಂದ ಎಷ್ಟು ಕೆಲಸ ತೆಗೆಯಲು ನಾವು ಧೈರ್ಯ ಮಾಡುತ್ತೇವೆ ಎಂಬ ಸಂಖ್ಯೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಮೈಲ್ಡ್ ಸ್ಟೀಲ್ ಸರಳು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 125 ನ್ಯೂಟನ್ ಶಿಯರ್ ಒತ್ತಡ ಬಂದಾಗ ಸೋತು, ತಿರುಚಿಕೊಂಡೇ ಉಳಿದುಬಿಡುತ್ತದೆ. ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ ಎಎಸ್‌ಎಂಇ 1927ರಲ್ಲಿ ಶಾಫ್ಟುಗಳಿಗಾಗಿ ಒಂದು ಸಂಹಿತೆ ಹೊರಡಿಸಿತು. ಉಕ್ಕಿನ ಗುಣ ನಿಖರವಾಗಿ ಗೊತ್ತಿಲ್ಲದ ಮಾರುಕಟ್ಟೆಯ ಸರಳಾದರೆ ಚದರ ಇಂಚಿಗೆ 8,000 ಪೌಂಡ್, ಕೀಲಿ ಕೂರಿಸುವ ಗಾಡಿ ಕೊರೆದಿದ್ದರೆ 6,000 ಪೌಂಡ್ ಎಂದು ಅದು ಮಿತಿ ಹಾಕಿತು. ನಮ್ಮ ಅಳತೆಯಲ್ಲಿ ಸುಮಾರು 55 ಮತ್ತು 41. ಇಂದಿಗೂ ನಮ್ಮ ಪಾಲಿಟೆಕ್ನಿಕ್ ಪುಸ್ತಕಗಳಲ್ಲಿ ‘ಕೀ ವೇ ಇರುವ ಶಾಫ್ಟಿಗೆ 40’ ಎಂದು ಕಾಣುವುದರ ಬೇರು ಅಲ್ಲಿದೆ. ಸೋಲುವ ಮಟ್ಟದ ಮೂರನೇ ಒಂದು ಪಾಲು ಮಾತ್ರ ಬಳಸಿ, ಉಳಿದೆರಡು ಪಾಲನ್ನು ಗೊತ್ತಿಲ್ಲದ್ದಕ್ಕೆ ಮೀಸಲಿಟ್ಟ ಹಾಗೆ.

ಈ 40ನ್ನು ಎರಡೂ ಸೂತ್ರಗಳಲ್ಲಿ ಸೇರಿಸಿ, ಶಕ್ತಿಯನ್ನು ಎಚ್‌ಪಿಗೆ ಬದಲಿಸಿಕೊಂಡರೆ ನೆನಪಿನಲ್ಲಿಡಬಹುದಾದ ಒಂದು ಸಂಖ್ಯೆ ಸಿಗುತ್ತದೆ. ನಿಮಿಷಕ್ಕೆ ಒಂದೇ ಸುತ್ತು ಬರುವ ಶಾಫ್ಟ್ ಒಂದು ಎಚ್‌ಪಿ ಸಾಗಿಸಬೇಕಾದರೆ ಅದರ ವ್ಯಾಸ 97 ಮಿಲಿಮೀಟರ್ ಇರಬೇಕು. ಬೇರೆ ಯಾವುದೇ ಶಾಫ್ಟಿಗೆ ಎಚ್‌ಪಿಯನ್ನು ಸುತ್ತುಗಳಿಂದ ಭಾಗಿಸಿ, ಘನಮೂಲ ತೆಗೆದು 97ರಿಂದ ಗುಣಿಸಿದರಾಯಿತು. ಎತ್ತಿನ ಗಾಣಕ್ಕೆ ಹಾಕಿ ನೋಡಿದರೆ 71 ಮಿಲಿಮೀಟರ್. ಹದಿನೈದು ಎಚ್‌ಪಿ ಮೋಟರಿಗೆ 21. ಎರಡು ಎತ್ತುಗಳಿಗೆ ಮೂರು ಬೆರಳು ಮೀರಿದ ಉಕ್ಕು ಬೇಕು. ಮೂವತ್ತು ಎತ್ತಿನ ಬಲದ ಮೋಟರಿಗೆ ಹೆಬ್ಬೆರಳಿನಷ್ಟು ಸಾಕು.

ಈಗ ಆಲೆಮನೆಯ ಶಕ್ತಿಯ ಹಿಂದೆಯೇ ನಡೆಯೋಣ. ಮೋಟರಿನ ಸಣ್ಣ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಬೆಲ್ಟು ಹಾಕಿ ವೇಗವನ್ನು ಆರನೇ ಒಂದಕ್ಕೆ ಇಳಿಸಿದ್ದಾರೆ ಎನ್ನೋಣ: 240 ಸುತ್ತು. ಅಲ್ಲಿಂದ ಒಂದು ಜೊತೆ ಗಿಯರು ಐದನೇ ಒಂದಕ್ಕೆ ಇಳಿಸಿ 48 ಮಾಡುತ್ತದೆ, ಇನ್ನೊಂದು ಜೊತೆ ನಾಲ್ಕನೇ ಒಂದಕ್ಕೆ ಇಳಿಸಿ 12 ಮಾಡುತ್ತದೆ. ಉರುಳೆ ತಿರುಗುವುದು ಈ 12ರಲ್ಲಿ. ಅದಕ್ಕಿಂತ ಬಹಳ ಜೋರಾಗಿ ತಿರುಗಿಸಿದರೆ ಕಬ್ಬು ಸರಿಯಾಗಿ ಹಿಂಡುವ ಮೊದಲೇ ಆಚೆ ಹೋಗಿ ಹಾಲು ಸಿಪ್ಪೆಯಲ್ಲೇ ಉಳಿದುಬಿಡುತ್ತದೆ, ಹಾಗಾಗಿ ನಿಧಾನವೇ ಬೇಕು. ತಿರುಚು ಪ್ರತಿ ಮೆಟ್ಟಿಲಲ್ಲೂ ಏರುತ್ತ ಹೋಗುತ್ತದೆ. 73 ಇದ್ದದ್ದು ಬೆಲ್ಟು ದಾಟಿದ ಮೇಲೆ 438. ಕೊನೆಯ ಶಾಫ್ಟಿನಲ್ಲಿ 8,750ಕ್ಕೂ ಮೇಲೆ. ಒಂದು ಮೀಟರ್ ತೋಳಿಗೆ ಏಳೂವರೆ ಕಿಲೋ ನೇತುಹಾಕಿದ್ದ ಜಾಗದಲ್ಲಿ ಈಗ 890 ಕಿಲೋ, ಒಂದು ಒಳ್ಳೆಯ ಎಮ್ಮೆಗಿಂತ ಭಾರ. ವ್ಯಾಸಗಳು ಕ್ರಮವಾಗಿ 21, 38, 65 ಮತ್ತು 104 ಮಿಲಿಮೀಟರ್.

ಗಮನಿಸಬೇಕಾದದ್ದು ಇಲ್ಲೊಂದಿದೆ. ತಿರುಚು 120 ಪಟ್ಟು ಬೆಳೆದರೂ ವ್ಯಾಸ ಬೆಳೆದದ್ದು ಐದು ಪಟ್ಟು ಮಾತ್ರ. ಘನಮೂಲದ ಔದಾರ್ಯ ಅದು. ಅದೇ ಘನಮೂಲ ಒಳ್ಳೆಯ ಉಕ್ಕಿನ ವಿಷಯದಲ್ಲಿ ಜಿಪುಣವೂ ಆಗುತ್ತದೆ. ಮೈಲ್ಡ್ ಸ್ಟೀಲ್ ಬಿಟ್ಟು, ಪರೀಕ್ಷಾಪತ್ರ ಇರುವ ಇಎನ್8 ಸರಳು ತಂದರೆ ಅದೇ ಸಂಹಿತೆಯ ಲೆಕ್ಕದಲ್ಲಿ ಕೀ ವೇ ಇದ್ದೂ ಸುಮಾರು 63ರ ತನಕ ಹೋಗಬಹುದು. ಬಲ ಒಂದೂವರೆ ಪಟ್ಟಿಗಿಂತ ಹೆಚ್ಚು. ಆದರೆ 104 ಮಿಲಿಮೀಟರಿನ ಶಾಫ್ಟ್ ಇಳಿಯುವುದು 89ಕ್ಕೆ. ಉಳಿಯಿತು ಹದಿನೈದು ಮಿಲಿಮೀಟರ್, ಮಹಾ ಏನಲ್ಲ.

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಇದೇ ಗಾಣ ತಲೆಕೆಳಗಾಗಿ ನಿಂತಿದೆ. ಅಲ್ಲಿ ನಿಧಾನದಿಂದ ವೇಗಕ್ಕೆ ಹೋಗಬೇಕು. 2 ಮೆಗಾವಾಟಿನ ಯಂತ್ರದ ರೆಕ್ಕೆ ನಿಮಿಷಕ್ಕೆ 15 ಸುತ್ತು ಬಂದರೆ, ಅದೇ 40ರ ಲೆಕ್ಕದಲ್ಲಿ ರೆಕ್ಕೆಯ ಶಾಫ್ಟ್ ಅರ್ಧ ಮೀಟರಿಗಿಂತ ದಪ್ಪ ಬೇಕಾಗುತ್ತದೆ. ಗಿಯರ್ ಪೆಟ್ಟಿಗೆ ದಾಟಿ 1,500 ಸುತ್ತಿಗೆ ಏರಿದ ಮೇಲೆ ಅದೇ ಶಕ್ತಿಗೆ 117 ಮಿಲಿಮೀಟರ್ ಸಾಕು.

ಇಷ್ಟಾದ ಮೇಲೆ ಯಾರಾದರೂ ವರ್ನಿಯರ್ ಹಿಡಿದು ಆಲೆಮನೆಯ ಮೋಟರಿನ ಹತ್ತಿರ ಹೋದರೆ ಮುಖಭಂಗವಾಗುತ್ತದೆ. ಲೆಕ್ಕ ಹೇಳಿದ್ದು 21. ಅಳೆದರೆ 42. ಅಂತರರಾಷ್ಟ್ರೀಯ ಐಇಸಿ ಮಾನಕದಂತೆ 11 ಕಿಲೋವಾಟಿನ, 1,440 ಸುತ್ತಿನ ಮೋಟರು 160 ಫ್ರೇಮಿನಲ್ಲಿ ಬರುತ್ತದೆ. ಅದರ ಶಾಫ್ಟ್ 42 ಮಿಲಿಮೀಟರ್. ಸರಿಯಾಗಿ ಎರಡು ಪಟ್ಟು, ಅಂದರೆ ಬಲದಲ್ಲಿ ಎಂಟು ಪಟ್ಟು. ಮೋಟರು ಮಾಡುವವರು ಉಕ್ಕನ್ನು ದಂಡ ಮಾಡುವ ಪೈಕಿಯಲ್ಲ. ಹಾಗಾದರೆ ಲೆಕ್ಕ ತಪ್ಪೇ?

ತಪ್ಪಲ್ಲ, ಅರ್ಧ. ಅದು ತಿರುಚೊಂದನ್ನೇ ನೋಡಿತು, ಅದೂ ಮೋಟರು ತನ್ನ ಪಾಡಿಗೆ ಸಮನಾಗಿ ಓಡುತ್ತಿರುವಾಗಿನ ತಿರುಚನ್ನು. ಸ್ವಿಚ್ ಹಾಕಿದ ಗಳಿಗೆಯಲ್ಲಿ, ಕಬ್ಬು ಸಿಕ್ಕಿಕೊಂಡು ತಿಣುಕುವಾಗ ಇಂಥ ಮೋಟರು ಫಲಕದ ಮೇಲಿರುವುದರ ಎರಡು ಪಟ್ಟಿಗೂ ಮೀರಿದ ತಿರುಚನ್ನು ಕೊಡಬಲ್ಲದು. ಅದಲ್ಲದೆ ಮೋಟರಿನ ಒಳಗೆ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಇರುವ ಸಂದು ಅರ್ಧ ಮಿಲಿಮೀಟರಿನ ಆಸುಪಾಸು. ಶಾಫ್ಟ್ ಮುರಿಯುವುದು ಹಾಗಿರಲಿ, ಒಂಚೂರು ಬಾಗಿದರೂ ಎರಡೂ ಉಜ್ಜಿಕೊಳ್ಳುತ್ತವೆ. ಬಾಗದೆ, ತಿರುಚಿಕೊಳ್ಳದೆ ನಿಲ್ಲುವ ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ತೆಳು ತಂತಿಗಳನ್ನು ತಿರುಚಿ ಈ ನಿಯಮವನ್ನು 1784ರಲ್ಲಿ ತೋರಿಸಿದವನು ಫ್ರಾನ್ಸಿನ ಕೂಲಂಬ್, ವಿದ್ಯುತ್ ಪಾಠದಲ್ಲಿ ಬರುವ ಅದೇ ಕೂಲಂಬ್. 21ರ ಬದಲು 42 ಹಾಕಿದಾಗ ಬಲ ಎಂಟು ಪಟ್ಟಾದರೆ ಬಿಗುವು ಹದಿನಾರು ಪಟ್ಟು.

ಎಲ್ಲಕ್ಕಿಂತ ದೊಡ್ಡ ಕಾರಣ ಬೆಲ್ಟು. ಬೆಲ್ಟು ತಿರುಗಿಸುವುದಷ್ಟೇ ಅಲ್ಲ, ಎಳೆಯುತ್ತದೆ. ಅದರ ಎಳೆತಕ್ಕೆ ಶಾಫ್ಟ್ ಬಾಗುತ್ತದೆ. ಹಳ್ಳಿಯ ಗಾಣಗಳಲ್ಲಿ ಲೆಕ್ಕ ಕೈಕೊಡುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ 240 ಸುತ್ತಿನ ಆ ಎರಡನೇ ಶಾಫ್ಟನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅದರ ಮೇಲಿನ ದೊಡ್ಡ ಪುಲ್ಲಿಯ ಅಡ್ಡಗಲ 750 ಮಿಲಿಮೀಟರ್ ಎನ್ನೋಣ. 438 ನ್ಯೂಟನ್-ಮೀಟರ್ ತಿರುಚು ಬರಬೇಕಾದರೆ ಪುಲ್ಲಿಯ ಅಂಚಿನಲ್ಲಿ ಸುಮಾರು 119 ಕಿಲೋ ತೂಕದಷ್ಟು ಎಳೆತ ಬೇಕು. ಆದರೆ ಬೆಲ್ಟಿಗೆ ಎರಡು ಕಡೆಗಳಿವೆ, ಬಿಗಿ ಕಡೆ ಮತ್ತು ಸಡಿಲ ಕಡೆ. 119 ಕಿಲೋ ಎಂಬುದು ಎರಡರ ವ್ಯತ್ಯಾಸ. ಶಾಫ್ಟನ್ನು ಬಾಗಿಸುವುದು ವ್ಯತ್ಯಾಸವಲ್ಲ, ಮೊತ್ತ. ಅದು 200 ಕಿಲೋ ಮುಟ್ಟುವುದು ಸಹಜ. ಈ ಪುಲ್ಲಿ ಬೇರಿಂಗಿನಿಂದ 150 ಮಿಲಿಮೀಟರ್ ಆಚೆಗೆ ನೇತಾಡುತ್ತಿದ್ದರೆ ಬೇರಿಂಗಿನ ಬಳಿ ಬೀಳುವ ಬಾಗು 300 ನ್ಯೂಟನ್-ಮೀಟರ್. ತಿರುಚಿನ ಸುಮಾರು ಮೂರರಲ್ಲಿ ಎರಡು ಪಾಲು.

ಬಾಗನ್ನೂ ತಿರುಚನ್ನೂ ಸುಮ್ಮನೆ ಕೂಡುವಂತಿಲ್ಲ. ಲಂಬಕೋನ ತ್ರಿಭುಜದ ಎರಡು ಭುಜಗಳಂತೆ ಇಟ್ಟು ಕರ್ಣವನ್ನು ತೆಗೆಯಬೇಕು. ಕಬ್ಬು ಒಂದೇ ಸಮ ಬರುವುದಿಲ್ಲ, ಒಮ್ಮೆ ಎರಡು ಜಲ್ಲೆ, ಒಮ್ಮೆ ಆರು. ಆ ಕುಲುಕಾಟಕ್ಕಾಗಿ ಎರಡನ್ನೂ ಮೊದಲೇ ಒಂದೂವರೆ ಪಟ್ಟು ಮಾಡಿಕೊಳ್ಳುವುದು ವಾಡಿಕೆ. ಬಾಗು 450, ತಿರುಚು 657, ಕರ್ಣ 796. ಈ 796ನ್ನು ತಿರುಚೆಂದೇ ಭಾವಿಸಿ ಸೂತ್ರಕ್ಕೆ ಕೊಟ್ಟರೆ ವ್ಯಾಸ 38ರ ಬದಲು 47 ಬರುತ್ತದೆ. ಪುಲ್ಲಿಯ ತೂಕ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಂಗಡಿಯಲ್ಲಿ ಬೇರಿಂಗು ಸುಲಭವಾಗಿ ಸಿಗುವುದು 45, 50, 55 ಹೀಗೆ ಐದರ ಮಗ್ಗಿಯಲ್ಲಿ. ಹಾಗಾಗಿ 50.

ಉರುಳೆಯ ಶಾಫ್ಟಿನ 104 ಕೂಡ ಹೀಗೆಯೇ ಬರೀ ಆರಂಭ. ಕಬ್ಬನ್ನು ಹಿಂಡುವ ಒತ್ತಡ ಉರುಳೆಗಳನ್ನು ಒಂದರಿಂದೊಂದು ದೂರ ತಳ್ಳುತ್ತಿರುತ್ತದೆ. ಆ ಬಾಗು ಸೇರಿಸಿದ ಮೇಲೆ ಅದೂ ದಪ್ಪವಾಗುತ್ತದೆ.

ಬಾಗಿನಲ್ಲಿ ಇನ್ನೊಂದು ಕಪಟವಿದೆ. ತಿರುಚು ಒಂದೇ ದಿಕ್ಕಿನಲ್ಲಿ ಇರುತ್ತದೆ. ಆದರೆ ಬೆಲ್ಟು ಒಂದೇ ಕಡೆಗೆ ಎಳೆಯುತ್ತಿರುವಾಗ ಶಾಫ್ಟ್ ಮಾತ್ರ ತಿರುಗುತ್ತಲೇ ಇರುತ್ತದೆ. ಈಗ ಹಿಗ್ಗಿದ ಮೈ ಅರ್ಧ ಸುತ್ತಿನಲ್ಲಿ ಕುಗ್ಗುತ್ತದೆ. 240 ಸುತ್ತಿನ ಶಾಫ್ಟ್ ದಿನಕ್ಕೆ ಹತ್ತು ಗಂಟೆ ಓಡಿದರೆ 1,44,000 ಸಲ ಹೀಗೆ ಹಿಗ್ಗಿ ಕುಗ್ಗುತ್ತದೆ. ಒಂದು ವಾರಕ್ಕೆ ಹತ್ತು ಲಕ್ಷ ದಾಟಿತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದನ್ನು ಎಲ್ಲರೂ ಮಾಡಿದ್ದೇವೆ. ಇದೂ ಅದೇ, ಬಗ್ಗುವುದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಮುರಿದ ಮುಖ ಈ ಕಥೆಯನ್ನು ತಾನೇ ಹೇಳುತ್ತದೆ. ಹಾಗಾಗಿ ಮುರಿದ ತುಂಡನ್ನು ಗುಜರಿಗೆ ಎಸೆಯುವ ಮೊದಲು ಒಮ್ಮೆ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯುವುದು ಲಾಭ. ಮುಖದ ಬಹುಭಾಗ ನುಣುಪಾಗಿ, ಒಂದು ಮೂಲೆಯಿಂದ ಹೊರಟ ಅಲೆಗಳಂತೆ ಗೆರೆಗೆರೆಯಾಗಿದ್ದು, ಕೊನೆಯಲ್ಲಿ ಸ್ವಲ್ಪ ಜಾಗ ಮಾತ್ರ ಒರಟಾಗಿದ್ದರೆ ಅದು ದಣಿದು ಸತ್ತ ಶಾಫ್ಟ್. ಬಿರುಕು ದಿನಗಟ್ಟಲೆ ತೆವಳಿ, ಕೊನೆಗೆ ಉಳಿದ ಒಂಚೂರು ಉಕ್ಕು ಒಂದೇ ಏಟಿಗೆ ಹೋಗಿದೆ. ಅಲೆಗಳು ಹುಟ್ಟಿದ ಮೂಲೆ ಹೆಚ್ಚಾಗಿ ಕೀ ವೇಯ ಚೂಪು ಅಂಚು, ಇಲ್ಲವೇ ದಪ್ಪದಿಂದ ಸಣ್ಣಕ್ಕೆ ಇಳಿಯುವ ಮೆಟ್ಟಿಲು. ಮೆಟ್ಟಿಲಿನ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ತಿರುವಿದ್ದರೆ ಅದೇ ಶಾಫ್ಟ್ ಬಹಳ ಕಾಲ ಬಾಳುತ್ತಿತ್ತು. ಒಂದೇ ಸಲದ ಭಾರಿ ತಿರುಚಿಗೆ ಸಿಕ್ಕ ಮೈಲ್ಡ್ ಸ್ಟೀಲಿನ ಮುರಿತ ಹಾಗಿರುವುದಿಲ್ಲ. ಅಡ್ಡಕ್ಕೆ ಚಪ್ಪಟೆಯಾಗಿ ಕತ್ತರಿಸಿಕೊಂಡು, ನಡುವೆ ಸುಳಿ ತಿರುಗಿದ ಗುರುತು ಇರುತ್ತದೆ. ಪೆಡಸು ಉಕ್ಕಾದರೆ ಓರೆಯಾಗಿ ಸುರುಳಿ ಸುತ್ತಿ ಮುರಿಯುತ್ತದೆ. ಒಂದು ಸೀಮೆಸುಣ್ಣದ ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದರೆ ಅದೇ 45 ಡಿಗ್ರಿಯ ಓರೆ ಮೇಜಿನ ಮೇಲೆಯೇ ಕಾಣಸಿಗುತ್ತದೆ.

ದುರಸ್ತಿಯಲ್ಲೂ ಘನದ ಲೆಕ್ಕ ಹಿಂಬಾಲಿಸುತ್ತದೆ. ಬೇರಿಂಗು ಕೂರುವ ಜಾಗ ಸವೆದಿದೆ ಎಂದು 50ರ ಶಾಫ್ಟನ್ನು ಲೇತಿಗೆ ಕೊಟ್ಟು 45ಕ್ಕೆ ಇಳಿಸುತ್ತಾರೆ. ಐದು ಮಿಲಿಮೀಟರ್ ತಾನೇ, ನೂರಕ್ಕೆ ಹತ್ತು ಭಾಗ ಹೋಯಿತು ಎನಿಸುತ್ತದೆ. ಬಲದಲ್ಲಿ ಹೋದದ್ದು ನೂರಕ್ಕೆ 27. ಹೊರಗಿನ, ದುಡಿಯುವ ಉಕ್ಕೇ ಸಿಪ್ಪೆಯಾಗಿ ಲೇತಿನ ಕೆಳಗೆ ಬಿದ್ದಿದೆ. ಮೇಲೆ ಬುಶ್ ಹೊಡೆದು ಮತ್ತೆ 50 ಮಾಡಿದರೆ ಬೇರಿಂಗು ಕೂರುತ್ತದೆ ನಿಜ, ಹೋದ ಬಲ ವಾಪಸಾಗುವುದಿಲ್ಲ; ಬುಶ್ ತಿರುಚನ್ನು ಹೊರುವುದಿಲ್ಲ. ಹದ ಅರಿಯದೆ ಮುರಿದ ಜಾಗಕ್ಕೆ ವೆಲ್ಡ್ ಹಾಕಿಸುವುದು ಇನ್ನೂ ಅಪಾಯ. ಅದರಲ್ಲೂ ಇಎನ್8ರಂಥ ಉಕ್ಕಿಗೆ ಮುಂಚೆ ಬಿಸಿ ಮಾಡದೆ ವೆಲ್ಡ್ ಹಾಕಿದರೆ ಪಕ್ಕದ ಉಕ್ಕು ಪೆಡಸಾಗುತ್ತದೆ. ಮುಂದಿನ ಸಲ ಮುರಿಯುವುದು ವೆಲ್ಡಿನಲ್ಲಲ್ಲ, ಅದರ ಅಂಚಿನಲ್ಲಿ.

ಹತ್ತು ಎಚ್‌ಪಿ ಮೋಟರು ತೆಗೆದು ಹದಿನೈದರದ್ದು ಕೂರಿಸುವವರೂ ಇದ್ದಾರೆ. ಗಾಣದ ವೇಗ ಅಷ್ಟೇ ಇದ್ದರೆ ಎಲ್ಲ ಶಾಫ್ಟುಗಳಿಗೂ ತಿರುಚು ಒಂದೂವರೆ ಪಟ್ಟಾಯಿತು, ವ್ಯಾಸ ಶೇಕಡ 14 ಹೆಚ್ಚಬೇಕು: 50 ಇದ್ದದ್ದು 57, ಅಂದರೆ ಮುಂದಿನ ಬೇರಿಂಗು 60. ಮೋಟರು ಬದಲಿಸಿದವರು ಶಾಫ್ಟು ಬದಲಿಸುವುದು ಅಪರೂಪ. ಹಳೆಯ 50ರಲ್ಲಿ ಮೀಸಲಿಟ್ಟಿದ್ದ ಆ ಎರಡು ಪಾಲು ಒಂದಷ್ಟು ದಿನ ಕಾಪಾಡುತ್ತದೆ.

ಯಾವ ದಪ್ಪವೂ ತಡೆಯಲಾರದ ಸಂದರ್ಭ ಒಂದಿದೆ. ಕಬ್ಬಿನ ಕಟ್ಟಿನ ಜೊತೆ ಒಂದು ಕುಡುಗೋಲೋ ಕಬ್ಬಿಣದ ತುಂಡೋ ಉರುಳೆಗಳ ನಡುವೆ ಹೋಗಿಬಿಟ್ಟರೆ ಗಾಣ ಗಕ್ಕನೆ ನಿಲ್ಲುತ್ತದೆ. ಆದರೆ ದೊಡ್ಡ ಪುಲ್ಲಿ ನಿಲ್ಲಲು ಒಪ್ಪುವುದಿಲ್ಲ. ಅದರ ತೂಕದಲ್ಲಿ ಕೂಡಿಟ್ಟ ಓಟ ಕ್ಷಣಮಾತ್ರದಲ್ಲಿ ಶಾಫ್ಟಿನ ಮೇಲೆ ಸುರಿಯುತ್ತದೆ. ಆಗಿನ ತಿರುಚಿಗೆ ಮೋಟರಿನ ಎಚ್‌ಪಿ ಲೆಕ್ಕವೇ ಇಲ್ಲ. ಎಷ್ಟು ಬೇಗ ನಿಂತಿತು ಎಂಬುದರ ಮೇಲೆ ಅದು ಐದು ಪಟ್ಟೋ ಹತ್ತು ಪಟ್ಟೋ ಆಗಬಹುದು. ಅದಕ್ಕೆಂದು ಶಾಫ್ಟನ್ನು ದಪ್ಪ ಮಾಡುತ್ತ ಹೋದರೆ ಗಿಯರಿನ ಹಲ್ಲು ಮುರಿಯುತ್ತದೆ, ಹಲ್ಲನ್ನು ಗಟ್ಟಿ ಮಾಡಿದರೆ ಉರುಳೆ ಸೀಳುತ್ತದೆ. ಇದಕ್ಕೆ ಹಳೆಯ ಮಿಸ್ತ್ರಿಗಳ ಉಪಾಯ ಬೇರೆ: ದಾರಿಯಲ್ಲಿ ಎಲ್ಲೋ ಒಂದು ಕಡೆ ಬೇಕೆಂದೇ ದುರ್ಬಲ ಕೊಂಡಿ ಇಡುವುದು. ಮೋಟರಿನ ಕಡೆಯ ಎಳೆತಕ್ಕೆ ಬೆಲ್ಟೇ ಆ ಕೊಂಡಿ. ಮಿತಿ ಮೀರಿದರೆ ಜಾರಿ, ಸುಟ್ಟ ವಾಸನೆ ಕೊಟ್ಟು ಎಚ್ಚರಿಸುತ್ತದೆ. ದೊಡ್ಡ ಪುಲ್ಲಿಯ ಓಟದಿಂದ ಗಿಯರನ್ನು ಕಾಪಾಡಬೇಕಾದರೆ ಪುಲ್ಲಿಯ ಈಚೆಗೆ ಒಂದು ಮೆತ್ತನೆಯ ಉಕ್ಕಿನ ಪಿನ್ನು ಬೇಕು. ಶಾಫ್ಟ್ ಸೋಲುವ ಮೊದಲೇ ಕತ್ತರಿಸಿಹೋಗುವಂತೆ ಅದರ ದಪ್ಪ ಗೊತ್ತುಮಾಡಿರುತ್ತಾರೆ. ಆ ಪಿನ್ನು ಪದೇ ಪದೇ ಮುರಿಯುತ್ತದೆ ಎಂದು ಬೇಸತ್ತು, ಅದೇ ಅಳತೆಯ ಗಟ್ಟಿ ಬೋಲ್ಟನ್ನು ಡಬ್ಬದಿಂದ ಹುಡುಕಿ ತೆಗೆದು ಹಾಕುವವರಿದ್ದಾರೆ. ಪಿನ್ನು ಮುರಿಯುವುದು ಆಮೇಲೆ ನಿಲ್ಲುತ್ತದೆ. ಆ ಸುಗ್ಗಿಯಲ್ಲೇ ಎಂದಾದರೂ ಒಂದು ದಿನ 50ರ ಶಾಫ್ಟ್ ಲೇತ್ ಶಾಪಿನ ಬಾಗಿಲಿಗೆ ಬರುತ್ತದೆ.